ಮೂವತ್ತಾರು ಎಳೆ

ಅಂಗಡಿಯಲ್ಲಿ ಸುರುಳಿ ಸುತ್ತಿಕೊಂಡು ಕೂತಿರುವಾಗ ಕರೆಂಟಿನ ತಂತಿಗೆ ಹೆಸರು, ಗೋತ್ರ, ಪ್ರವರ ಎಲ್ಲವೂ ಇರುತ್ತದೆ. ತಯಾರಿಸಿದವರು ಯಾರು, ಐಎಸ್ 694 ಎಂಬ ಮಾನಕದ ಸಂಖ್ಯೆ, ಎಷ್ಟು ಚದರ ಮಿಲಿಮೀಟರಿನದು ಎಂಬುದೆಲ್ಲ ಮೈಮೇಲೆಯೇ ಅಚ್ಚಾಗಿರುತ್ತದೆ. ಅದೇ ತಂತಿ ಗೋಡೆಯೊಳಗಿನ ಪೈಪು ಹೊಕ್ಕು, ಹತ್ತಿಪ್ಪತ್ತು ವರ್ಷ ಕಳೆದು, ಸ್ವಿಚ್ ಬೋರ್ಡಿನ ಡಬ್ಬಿಯಲ್ಲಿ ಗೇಣುದ್ದದಷ್ಟು ಮಾತ್ರ ತಲೆ ಹೊರಗೆ ಹಾಕಿದಾಗ, ಅಕ್ಷರವಿದ್ದ ಭಾಗ ಗೋಡೆಯ ಗರ್ಭದಲ್ಲೇ ಉಳಿದು, ಹೊರಗಿನದಕ್ಕೆ ಸುಣ್ಣ ಸಿಮೆಂಟು ಮೆತ್ತಿಕೊಂಡು, ಶುದ್ಧ ಅನಾಮಧೇಯವಾಗಿಬಿಡುತ್ತದೆ.

ಪುಣೆಯ ಕೊಂಢವಾದಲ್ಲಿ ನಾವಿರುವಂಥ ಕಟ್ಟಡಗಳಲ್ಲಿ ಇದು ದಿನನಿತ್ಯದ ಸಮಸ್ಯೆ. ಗುಡ್ಡದ ಇಳಿಜಾರಿನ ಮೇಲೆ ಒಂದರ ಬೆನ್ನಿಗೊಂದು ಎದ್ದ ಮನೆಗಳಿವು. ಒಬ್ಬರು ಕಟ್ಟಿಸಿ, ಇನ್ನೊಬ್ಬರು ಕೊಂಡು, ಮೂರನೆಯವರು ಬಾಡಿಗೆಗಿದ್ದು, ನಾಲ್ಕನೆಯವರಾಗಿ ನಾವು ಬಂದಿರುತ್ತೇವೆ. ಯಾವ ಪೈಪಿನಲ್ಲಿ ಯಾವ ತಂತಿ ಎಳೆದಿದ್ದಾರೆ ಎಂಬ ನಕ್ಷೆ ಯಾರ ಬಳಿಯೂ ಇರುವುದಿಲ್ಲ. ಬೇಸಿಗೆ ಬಂದು, ಹಿಂದಿನ ಕೋಣೆಗೆ ಏಸಿ ಹಾಕಿಸಬೇಕೆಂದು ಮನೆಯವರೆಲ್ಲ ಒಮ್ಮತಕ್ಕೆ ಬಂದಾಗ, ಅಲ್ಲಿರುವ ತಂತಿ ಅದನ್ನು ತಡೆದೀತೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಆ ಗೇಣುದ್ದದ ತುಂಡು ಮಾತ್ರ.

ಕೆಲಸಕ್ಕೆ ಬಂದ ಹುಡುಗ ನಮ್ಮ ಕಡೆಯವನೇ, ವಿಜಯಪುರ ಜಿಲ್ಲೆಯ ಇಂಡಿಯವನು. ಮರಾಠಿಯಲ್ಲಿ ಶುರುವಾದ ಮಾತು ಊರಿನ ಹೆಸರು ಬಂದದ್ದೇ ತಡ ಕನ್ನಡಕ್ಕೆ ಹೊರಳಿತು. ಮೇನ್ ಆಫ್ ಮಾಡಿಸಿದೆವು. ಇನ್ವರ್ಟರ್ ಇರುವ ಮನೆಗಳಲ್ಲಿ ಮೇನ್ ತೆಗೆದರೂ ಕೆಲವು ತಂತಿಗಳಲ್ಲಿ ಜೀವ ಉಳಿದಿರುತ್ತದೆ. ಅದನ್ನೂ ಆಫ್ ಮಾಡಿಸಿ, ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಬೋರ್ಡು ಬಿಚ್ಚಿದ್ದು. ಹುಡುಗ ತಂತಿಯ ತುದಿ ಸುಲಿದು, ಎಳೆಗಳನ್ನು ಬೆರಳಲ್ಲಿ ಹೊಸೆದು, ತನ್ನ ಕ್ಯಾಲಿಪರ್‌ನ ಬಾಯಿಗೆ ಕೊಟ್ಟ. ಎರಡು ಪಾಯಿಂಟ್ ಸೊನ್ನೆ ಐದು ಎಂದು ತೋರಿಸಿತು. ಫೋನಿನಲ್ಲಿ ಲೆಕ್ಕ ಮಾಡಿ, "ಸರ, ಮೂರು ಪಾಯಿಂಟ್ ಮೂರು ಬಂತ್ರಿ. ನಾಲ್ಕರ ವಾಯರೇ ಐತಿ, ಏಸಿ ಹಾಕಾಕ ಏನೂ ತೊಂದ್ರಿ ಇಲ್ರಿ" ಅಂದ.

ಗುಣಾಕಾರದಲ್ಲಿ ತಪ್ಪಿಲ್ಲ. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಬಂದದ್ದನ್ನು 0.785ರಿಂದ ಗುಣಿಸಿದರೆ ವೃತ್ತದ ವಿಸ್ತೀರ್ಣ, ಆ 0.785 ಎಂದರೆ ಪೈನ ಕಾಲುಭಾಗ. ನಮ್ಮಲ್ಲಿ ತಂತಿಯ ಗಾತ್ರಗಳು ಒಂದು, ಒಂದೂವರೆ, ಎರಡೂವರೆ, ನಾಲ್ಕು, ಆರು ಎಂದು ಮೆಟ್ಟಿಲು ಹತ್ತುತ್ತವೆ, 3.3 ಬಂದರೆ ಹತ್ತಿರದ ಮೆಟ್ಟಿಲು ನಾಲ್ಕೇ. ಆದರೆ ಅವನು ಅಳೆದದ್ದು ತಾಮ್ರವನ್ನಷ್ಟೇ ಅಲ್ಲ, ಎಳೆಗಳ ನಡುವಿನ ಗಾಳಿಯನ್ನೂ ಸೇರಿಸಿ. ಮುಷ್ಟಿಯಲ್ಲಿ ಹಿಡಿದ ಶಾವಿಗೆಯ ಕಟ್ಟಿನ ಸುತ್ತಳತೆ ನೋಡಿ ಅಷ್ಟೂ ಶಾವಿಗೆಯೇ ಎಂದಂತೆ. ಗುಂಡನೆಯ ಎಳೆಗಳನ್ನು ಎಷ್ಟು ಬಿಗಿಯಾಗಿ ಹೊಸೆದರೂ ಸಂದು ಉಳಿಯುತ್ತದೆ. ಇಂಥ ಸಣ್ಣೆಳೆಯ ತಂತಿಯಲ್ಲಿ ಹೊರವೃತ್ತದ ಸುಮಾರು ಮುಕ್ಕಾಲು ಪಾಲು ಮಾತ್ರ ಲೋಹ. ಒಂಟಿ ಕಡ್ಡಿಯ ತಂತಿಯಾದರೆ ಹೊರವ್ಯಾಸ ಅಳೆದರೆ ಸಾಕು. ಬಹುತಂತುವಾದರೆ ಒಂದು ಎಳೆಯ ವ್ಯಾಸ ಅಳೆದು, ಎಳೆಗಳನ್ನು ಎಣಿಸಿ ಗುಣಿಸುವುದೇ ಮಾರ್ಗ.

"ಹಂಗಾರ ಎಣಸೂಣಪಾ ತಮ್ಮಾ" ಅಂದೆ. ತುದಿಯನ್ನು ಬಿಳಿ ಕಾಗದದ ಮೇಲೆ ಬಿಡಿಸಿ, ಎಳೆಗಳನ್ನು ಆರಾರರ ಗುಂಪು ಮಾಡಿ ಮಡಚುತ್ತ ಹೋದೆವು. ಆರು ಗುಂಪು, ಮೂವತ್ತಾರು ಎಳೆ. ಎಣಿಸುವ ಮೊದಲು ಸುಲಿದ ಜಾಗವನ್ನು ಒಮ್ಮೆ ನೋಡಬೇಕು. ಸುಲಿಯುವಾಗ ಬ್ಲೇಡು ತಗುಲಿ ಎರಡು ಮೂರು ಎಳೆ ಕತ್ತರಿಸಿಹೋಗುವುದುಂಟು, ಆಗ ಎಣಿಕೆ ಕಡಿಮೆ ಬಂದು ತಂತಿಗೆ ವೃಥಾ ಅಪವಾದ.

ಉಳಿದದ್ದು ಎಳೆಯ ವ್ಯಾಸ. ಇಲ್ಲಿಯ ಕಷ್ಟ ನನಗೆ ಪಿಯುಸಿ ಕಾಲದಿಂದ ಪರಿಚಿತ. ಧಾರವಾಡದ ನಮ್ಮ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸ್ಕ್ರೂ ಗೇಜ್‌ಗಳನ್ನು ಮಖಮಲ್ಲು ಹಾಸಿದ ಡಬ್ಬಿಗಳಲ್ಲಿ ಇಡುತ್ತಿದ್ದರು. ಮೇಷ್ಟ್ರು ಒಂದು ತುಂಡು ತಂತಿ ಕೈಗಿತ್ತು, ಒಂದು ಕಡೆ ಅಳೆದರೆ ಸಾಲದು, ಅದೇ ಜಾಗದಲ್ಲಿ ಅಡ್ಡ ತಿರುಗಿಸಿ ಮತ್ತೆ ಅಳೆಯಿರಿ, ಲೋಕದಲ್ಲಿ ಪರಿಪೂರ್ಣ ಗುಂಡಗಿರುವ ತಂತಿ ಇಲ್ಲ ಎನ್ನುತ್ತಿದ್ದರು. ಎಲ್ಲಕ್ಕಿಂತ ಮೊದಲು ನಡುವೆ ಏನೂ ಇಡದೆ ಗೇಜನ್ನು ಮುಚ್ಚಿ, ಸೊನ್ನೆಯೇ ತೋರಿಸುತ್ತದೆಯೇ ಎಂದು ನೋಡಿ ಶೂನ್ಯದೋಷ ಬರೆದುಕೊಳ್ಳಬೇಕು. ಗೇಜ್ ಸಿಗದ ದಿನ ಅವರೇ ಹೇಳಿಕೊಟ್ಟ ಬಡವರ ಉಪಾಯವೂ ಇತ್ತು: ಎಳೆಯನ್ನು ಪೆನ್ಸಿಲಿಗೆ ಸಂದಿಲ್ಲದಂತೆ ಇಪ್ಪತ್ತು ಸುತ್ತು ಸುತ್ತಿ, ಆ ಸುತ್ತುಗಳ ಒಟ್ಟು ಅಗಲವನ್ನು ಸ್ಕೇಲಿನಿಂದ ಅಳೆದು ಇಪ್ಪತ್ತರಿಂದ ಭಾಗಿಸುವುದು. ಆರು ಮಿಲಿಮೀಟರ್ ಬಂದರೆ ಎಳೆ 0.30. ಸ್ಕೇಲಿನಲ್ಲಿ ಆಗುವ ತಪ್ಪೂ ಇಪ್ಪತ್ತು ಪಾಲಾಗಿ ಹಂಚಿಹೋಗುವುದರಿಂದ ಈ ವಿಧಾನವನ್ನು ನಾನು ಇಂದಿಗೂ ಗೌರವಿಸುತ್ತೇನೆ.

ಇಷ್ಟು ನಾಜೂಕು ಯಾಕೆಂದರೆ, ವ್ಯಾಸದ ವರ್ಗ ಮಾಡುವಾಗ ತಪ್ಪೂ ಇಮ್ಮಡಿಯಾಗುತ್ತದೆ. 0.30 ಇರುವ ಎಳೆಯನ್ನು 0.01ರಷ್ಟು ತಪ್ಪಾಗಿ ಅಳೆದರೆ ವ್ಯಾಸದಲ್ಲಿ ಶೇಕಡ ಮೂರು ಚಿಲ್ಲರೆ ವ್ಯತ್ಯಾಸ, ವಿಸ್ತೀರ್ಣದಲ್ಲಿ ಸುಮಾರು ಏಳು. ಅಂಗಡಿಯ ಸಾಮಾನ್ಯ ಡಿಜಿಟಲ್ ಕ್ಯಾಲಿಪರ್ 0.02ರಷ್ಟು ಆಚೀಚೆ ಆಗುವುದು ಸಹಜ. ಒಂದೇ ಎಳೆಗೆ ಅದನ್ನು ನಂಬಿದರೆ ಲೆಕ್ಕ ಹದಿಮೂರು ಶೇಕಡದಷ್ಟು ಜಾರುತ್ತದೆ. ಮನೆಯಲ್ಲಿದ್ದ ಸ್ಕ್ರೂ ಗೇಜ್ ತಂದೆ. ಮೂರು ನಾಲ್ಕು ಎಳೆಗಳನ್ನು, ಬಾಗದ ಜಾಗ ಹುಡುಕಿ, ಅದರ ಹಿಂದಿನ ಕಿರುಕಿರು ತಿರುಪಿನಿಂದ ಮಾತ್ರ ಬಿಗಿಮಾಡಿ ಅಳೆದೆವು. ತಾಮ್ರ ಮೆದು, ದೊಡ್ಡ ತಿರುಪಿನಿಂದ ಅದುಮಿದರೆ ಚಪ್ಪಟೆಯಾಗಿ ತೆಳ್ಳಗೆ ಕಾಣುತ್ತದೆ. ಗೇಜ್ 0.30 ತೋರಿಸಿತು. ಮುಚ್ಚಿದಾಗ ಸೊನ್ನೆಯ ಬದಲು 0.01 ತೋರಿಸುವ ಗೇಜ್ ಅದು. ಅಷ್ಟನ್ನು ಕಳೆದರೆ ನಿಜವಾದ ವ್ಯಾಸ 0.29.

0.29ರ ವರ್ಗ 0.0841, ಅದನ್ನು 0.785ರಿಂದ, ಮತ್ತೆ ಮೂವತ್ತಾರರಿಂದ ಗುಣಿಸಿದರೆ 2.38. ನಾಲ್ಕರ ವಾಯರ್ ಎರಡೂವರೆಯದಾಗಿ ನಿಂತಿತು. ಹುಡುಗ ಈಗ ಇನ್ನೊಂದು ತುದಿಗೆ ಹೋದ: "ಎರಡೂವರೆನೂ ಪೂರಾ ಇಲ್ಲಲ್ರಿ ಸರ, ಕಂಪನಿಯವ್ರು ಮೋಸ ಮಾಡ್ಯಾರ."

ಇಲ್ಲಿ ತಂತಿಯ ಪರವಾಗಿ ವಾದಿಸಲೇಬೇಕು. ಎರಡೂವರೆ ಎನ್ನುವುದು ಅದಕ್ಕಿಟ್ಟ ಹೆಸರು. ಕಂಡಕ್ಟರಿನ ಮಾನಕವಾದ ಐಎಸ್ 8130 ಹಿಡಿದು ನೋಡುವುದು ವಿಸ್ತೀರ್ಣವನ್ನಲ್ಲ, ರೋಧವನ್ನು. ತಯಾರಕರ ಪಟ್ಟಿಗಳಲ್ಲಿ ಎರಡೂವರೆಯ ಎದುರು 36/0.3 ಎಂದೂ, 20 ಡಿಗ್ರಿ ಉಷ್ಣತೆಯಲ್ಲಿ ಕಿಲೋಮೀಟರಿಗೆ ಗರಿಷ್ಠ 7.41 ಓಮ್ ಎಂದೂ ಇರುತ್ತದೆ. ಒಂದು ಚದರ ಮಿಲಿಮೀಟರಿನ ಒಳ್ಳೆಯ ತಾಮ್ರದ ತಂತಿಗೆ ಕಿಲೋಮೀಟರಿಗೆ 17.24 ಓಮ್ ರೋಧ. ಅದನ್ನು 2.38ರಿಂದ ಭಾಗಿಸಿದರೆ ಸುಮಾರು 7.25, ಹೊಸೆತದಿಂದ ಎಳೆ ಕೊಂಚ ಉದ್ದವಾಗುವುದನ್ನು ಸೇರಿಸಿದರೂ ಮಿತಿಯ ಒಳಗೇ ಉಳಿಯುತ್ತದೆ. ಎಳೆ 0.28 ಇದ್ದಿದ್ದರೆ ಮಾತು ಬೇರೆ: ವಿಸ್ತೀರ್ಣ 2.22, ರೋಧ 7.78, ನಪಾಸು. ಪಾಸು ನಪಾಸಿನ ನಡುವೆ ಇರುವುದು ಮಿಲಿಮೀಟರಿನ ನೂರನೇ ಒಂದು ಭಾಗ, ಅಂದರೆ ನಮ್ಮ ಗೇಜ್‌ನ ಶೂನ್ಯದೋಷದಷ್ಟೇ. ಆದ್ದರಿಂದ ವ್ಯಾಸ ಅಳೆದು ಇದು ಒಂದೂವರೆಯೋ ಎರಡೂವರೆಯೋ ನಾಲ್ಕೋ ಎಂದು ಖಚಿತವಾಗಿ ಹೇಳಬಹುದು. ಕಂಪನಿ ಮೋಸ ಮಾಡಿತೇ ಎಂದು ತೀರ್ಪು ಕೊಡಲು ರೋಧವನ್ನೇ ಅಳೆಯಬೇಕು.

ಅಷ್ಟಕ್ಕೆ ಮುಗಿಯಲಿಲ್ಲ. ಒಂದು ತುದಿ ನೋಡಿ ಇಡೀ ತಂತಿಯ ಜಾತಕ ಬರೆಯಬಾರದು. ಹಾಲಿನಲ್ಲಿರುವ ಎಂಸಿಬಿ ಪೆಟ್ಟಿಗೆಯಲ್ಲಿ ಅದೇ ತಂತಿಯ ಇನ್ನೊಂದು ತುದಿ ಇರುತ್ತದೆ, ಅದನ್ನೂ ಬಿಚ್ಚಿಸಿದೆ. ಅದೇ ಕೆಂಪು ಬಣ್ಣ, ಕಣ್ಣಿಗೆ ಅಷ್ಟೇ ದಪ್ಪ. ಎಣಿಸಿದರೆ ಇಪ್ಪತ್ತೆರಡೇ ಎಳೆ! ವ್ಯಾಸ ಅದೇ 0.29. ವಿಸ್ತೀರ್ಣ 1.45, ಒಂದೂವರೆಯ ತಂತಿ. ಮೇಲಿನ ಪ್ಲಾಸ್ಟಿಕ್ಕಿನ ದಪ್ಪ ತಂತಿಯಿಂದ ತಂತಿಗೆ ಬದಲಾಗುವುದರಿಂದ ಹೊರಮೈ ನೋಡಿ ಏನೂ ತಿಳಿಯುವುದಿಲ್ಲ. ಪೆಟ್ಟಿಗೆಯಿಂದ ಹೊರಟದ್ದು ಒಂದೂವರೆ, ಕೋಣೆಗೆ ಬಂದದ್ದು ಎರಡೂವರೆ. ನಡುವೆ ಎಲ್ಲೋ ಜೋಡಣೆ ಇರಲೇಬೇಕು. ಬಾಗಿಲ ಮೇಲಿನ ಡಬ್ಬಿಯ ಮುಚ್ಚಳ ತೆಗೆದರೆ, ಕರಿ ಟೇಪಿನ ಉಂಡೆಯಾಗಿ ಸಿಕ್ಕಿತು. ಟೇಪು ಬಿರುಸಾಗಿ ಕಂದಿತ್ತು, ಅಂದರೆ ಅಲ್ಲಿ ಬಿಸಿ ಏರುತ್ತಿತ್ತು. ಆ ಸಾಲಿಗೆ ಹಾಕಿದ್ದ ಎಂಸಿಬಿ ಎರಡೂವರೆಯನ್ನು ನಂಬಿ ಹಾಕಿದ್ದು. ಸಣ್ಣ ತಂತಿ ಕಾದರೂ ಅದು ಹೊತ್ತಿಗೆ ಸರಿಯಾಗಿ ಬೀಳುತ್ತಿರಲಿಲ್ಲ.

ಹಳೆಯದನ್ನು ಎಳೆದು ತೆಗೆಸಿ, ಬುಧವಾರ ಪೇಠೆಯ ತಪ್ಕೀರ್ ಗಲ್ಲಿಯಿಂದ ನಾಲ್ಕರ ತಂತಿಯ ಸುರುಳಿ ತರಿಸಿದ್ದಾಯಿತು. ಅದನ್ನೂ ಬಿಡದೆ ಎಣಿಸಿದೆವು: ಐವತ್ತಾರು ಎಳೆ, ತಲಾ 0.30, ಒಟ್ಟು 3.96. ಹೊರಬಂದ ಹಳೆಯ ಎರಡೂವರೆಯಲ್ಲಿ ಒಂದು ಮೀಟರ್ ಕತ್ತರಿಸಿ, ಸುಲಿದು, ಅಡುಗೆಮನೆಯ ತಕ್ಕಡಿಗೆ ಹಾಕಿದೆ. ಒಂದು ಚದರ ಮಿಲಿಮೀಟರ್ ತಾಮ್ರ ಮೀಟರಿಗೆ 8.89 ಗ್ರಾಂ ತೂಗುತ್ತದೆ, 2.38ಕ್ಕೆ ಇಪ್ಪತ್ತೊಂದು ಗ್ರಾಂ ಬರಬೇಕು, ಬಂತು. ಈ ತೂಕದ ಪರೀಕ್ಷೆ ನನಗೆ ಬಲು ಇಷ್ಟ, ಯಾಕೆಂದರೆ ವ್ಯಾಸ ಕಾಣದ ಒಂದು ವಂಚನೆಯನ್ನು ಇದು ಹಿಡಿಯುತ್ತದೆ. ಅಲ್ಯೂಮಿನಿಯಮ್ಮಿನ ಎಳೆಗೆ ತಾಮ್ರದ ಲೇಪ ಕೊಟ್ಟ ತಂತಿಗಳಿವೆ. ವ್ಯಾಸ ಸರಿ, ಎಣಿಕೆ ಸರಿ, ಬಣ್ಣವೂ ಸರಿ, ರೋಧ ಮಾತ್ರ ಒಂದೂವರೆ ಪಟ್ಟಿಗೂ ಹೆಚ್ಚು. ತಕ್ಕಡಿಯಲ್ಲಿ ಅದು ತಾಮ್ರದ ಅರ್ಧದಷ್ಟೂ ತೂಗುವುದಿಲ್ಲ, ಬ್ಲೇಡಿನಿಂದ ಕೆರೆದರೆ ಒಳಗೆ ಬಿಳಿ ಕಾಣುತ್ತದೆ.

ಚಹಾ ಕುಡಿಯುತ್ತ ಹುಡುಗ ಊರಿನ ಮನೆಯ ಮಾತು ತೆಗೆದ. ಅಜ್ಜನ ಕಾಲದ ವಾಯರಿಂಗು. ಕಟ್ಟಿಗೆಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಕೂರಿಸಿದ ತಂತಿ, ನಮ್ಮ ಧಾರವಾಡದ ಮನೆಯಲ್ಲೂ ಹಾಗೇ ಇತ್ತು. ಆಗಿನವರ ಬಾಯಲ್ಲಿ ಚದರ ಮಿಲಿಮೀಟರ್ ಇರಲಿಲ್ಲ. ಮೂರು ಇಪ್ಪತ್ತು, ಏಳು ಇಪ್ಪತ್ತು, ಒಂದು ಹದಿನೆಂಟು ಎನ್ನುತ್ತಿದ್ದರು. ಮೊದಲಿನದು ಎಳೆಗಳ ಸಂಖ್ಯೆ, ಎರಡನೆಯದು 1884ರಲ್ಲಿ ಬ್ರಿಟನ್ ಶಾಸನಬದ್ಧ ಮಾಡಿದ ಗೇಜ್‌ನ ಸಂಖ್ಯೆ. ಈ ಗೇಜ್‌ನಲ್ಲಿ ಸಂಖ್ಯೆ ಏರಿದಷ್ಟೂ ತಂತಿ ಸಣ್ಣ, ಚಿಕ್ಕಂದಿನಲ್ಲಿ ನನಗದು ಮಹಾ ಒಗಟು. ತಂತಿಯನ್ನು ತೂತಿನಿಂದ ತೂತಿಗೆ ಎಳೆದು ತೆಳ್ಳಗೆ ಮಾಡುತ್ತಾರೆ, ಹೆಚ್ಚು ಸಲ ಎಳೆದದ್ದು ಹೆಚ್ಚು ಸಣ್ಣ ಎಂಬ ಲೆಕ್ಕದಿಂದ ಹುಟ್ಟಿದ ಸಂಖ್ಯೆಗಳವು.

"ನಮ್ಮನ್ಯಾಗ ಮೀಟರಿನಿಂದ ಬಂದದ್ದು ಏಳು ಇಪ್ಪತ್ತು ಅಂತಾರ್ರಿ. ಅದಕ್ಕ ಈಗ ನಾಲ್ಕರದು ಹಾಕ್ಲ್ಯಾ?"

ಇಪ್ಪತ್ತರ ಗೇಜ್ ಎಂದರೆ 0.914 ಮಿಲಿಮೀಟರ್. ಒಂದು ಎಳೆಗೆ 0.656, ಏಳಕ್ಕೆ 4.59. ನಾಲ್ಕಕ್ಕೆ ಮೇಲೆ, ಆರಕ್ಕೆ ಕೆಳಗೆ. ಇಂದಿನ ಮೆಟ್ಟಿಲುಗಳಲ್ಲಿ ಅದಕ್ಕೆ ಜಾಗವಿಲ್ಲ. ಅಷ್ಟೇ ತಾಮ್ರಕ್ಕೆ ಕಡಿಮೆಯಾಗಬಾರದು ಎಂದರೆ ಆರೇ ಗತಿ. "ನಾಲ್ಕು ಬ್ಯಾಡಪಾ, ಆರರದು ತಗೋ" ಅಂದೆ. "ಆದ್ರ ಕೊಳ್ಳೂಕಿಂತ ಮೊದಲ ಮೀಟರಿಗೇ ಕರೆಂಟ್ ಬರದಂಗ ಬಂದ್ ಮಾಡ್ಸಿ, ಟೆಸ್ಟರ್ ಹಿಡದು ನೋಡಿ, ಎಳಿ ಏಳೇ ಅದಾವೋ ಎಣಸು, ಒಂದನ್ನ ಬ್ಲೇಡಿನಿಂದ ಕೆರದು ನೋಡು. ಹಳೇ ಮನೀಗಳಾಗ ಅಲ್ಯೂಮಿನಿಯಮ್ ಹಾಕಿದ್ದೂ ಇರ್ತದ. ಬಿಳಿ ಕಂಡ್ರ ನನಗ ಫೋನ್ ಮಾಡು, ಲೆಕ್ಕ ಬ್ಯಾರೆ ಆಗ್ತದ."