ಅರ್ಜಿ ಸಂಖ್ಯೆ ಮತ್ತು ಮೂರು ಪ್ರಶ್ನೆಗಳು

ವಿದ್ಯಾರ್ಥಿವೇತನದ ಬಗ್ಗೆ ಕೇಳಲು ಹೋದವರು ಬರಿಗೈಯಲ್ಲಿ ವಾಪಸಾಗುವುದು ನಮ್ಮ ಕಡೆ ಹೊಸತಲ್ಲ. ನನ್ನದೂ ಅಂಥದ್ದೇ ಒಂದು ವಿಷಯವಿತ್ತು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ನಾವೆಲ್ಲ ಎಸ್‌ಎಸ್‌ಪಿ ಎನ್ನುವ `ssp.karnataka.gov.in`ನಲ್ಲಿ ನನ್ನ ಅರ್ಜಿ ಮಂಜೂರಾಗಿತ್ತು. ಹಣ ಮಾತ್ರ ಬಂದಿರಲಿಲ್ಲ. ಇಂಥ ವಿಷಯಗಳಲ್ಲಿ ಸಲಹೆ ಕೊಡುವ ಒಬ್ಬರು ಸರ್ ಮೂಡುಬಿದಿರೆಯಲ್ಲಿದ್ದಾರೆ. "ಸೀದಾ ಹೋಗಿ ಕೇಳುವ" ಎಂದರು ಅಬ್ಬು. ಅವರು ಬಂಟ್ವಾಳದಲ್ಲಿ ಗೂಡ್ಸ್ ಆಟೋ ಓಡಿಸುತ್ತಾರೆ. ಮೂಡುಬಿದಿರೆಗೆ ಹೋದರೆ ಆ ದಿನದ ದುಡಿಮೆ ಇಲ್ಲ. ಆದ್ದರಿಂದ ಮೊದಲು ಬರೆದು ಸಮಯ ಕೇಳೋಣ ಎಂದು ಅಮ್ಮಿ ಹೇಳಿದರು. ಕನ್ನಡದಲ್ಲಿ ಬರೆಯುವ ಕೆಲಸ ನನಗೆ ಬಂತು.

ಅಮ್ಮಿಯ ಪ್ರಶ್ನೆ ಒಂದೇ: "ಪೈಸೇ ಕಹಾಂ ಗಯೇ?" ಅದನ್ನು ಹಾಗೆಯೇ ಕನ್ನಡದಲ್ಲಿ ಬರೆದರೆ ಸರ್ ಏನು ಉತ್ತರ ಕೊಟ್ಟಾರು? ಇಲಾಖೆ ಹಣ ಕಳಿಸಿಲ್ಲವೋ, ಕಳಿಸಿದ್ದು ತಿರುಗಿ ಹೋಯಿತೋ, ಬೇರೆ ಖಾತೆಗೆ ಹೋಯಿತೋ ಎಂಬುದು ಮೊದಲು ಗೊತ್ತಾಗಬೇಕು.

`myaadhaar.uidai.gov.in` ತೆರೆದು `Bank Seeding Status` ನೋಡಿದೆ. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ. ನನ್ನ ಆಧಾರ್‌ಗೆ ಇರುವುದು ಅಬ್ಬುವಿನ ನಂಬರ್, ಆದ್ದರಿಂದ ಅವರು ಮನೆಗೆ ಬರುವವರೆಗೆ ಕಾಯಬೇಕಾಯಿತು. ಪರದೆಯಲ್ಲಿ ಕಂಡದ್ದು ಬಂಟ್ವಾಳದಲ್ಲಿ ನಾನು ಈಗ ಬಳಸುವ ಬ್ಯಾಂಕಿನ ಹೆಸರಲ್ಲ, ಬೆಳ್ತಂಗಡಿಯ ಬ್ಯಾಂಕಿನ ಹೆಸರು. ನಾನಿಯ ಮನೆಯಲ್ಲಿದ್ದು ಪ್ರೈಮರಿ ಶಾಲೆಗೆ ಹೋಗುವಾಗ ತೆರೆದ ಖಾತೆ ಅದು. ವರ್ಷಗಳಿಂದ ಅದರಲ್ಲಿ ವ್ಯವಹಾರವೇ ಇಲ್ಲ.

ಹೊಸ ಖಾತೆಗೂ ಆಧಾರ್ ಕೊಟ್ಟಿದ್ದೇವಲ್ಲ ಎಂದು ಅಬ್ಬು ಕೇಳಿದರು. ಗೊಂದಲ ಆಗುವುದೇ ಇಲ್ಲಿ. ಗುರುತಿಗಾಗಿ ಆಧಾರ್ ಅನ್ನು ಎಷ್ಟು ಖಾತೆಗೂ ಕೊಡಬಹುದು. ಆದರೆ ಆಧಾರ್ ಆಧಾರಿತ ಸರಕಾರಿ ಹಣ ಎನ್‌ಪಿಸಿಐ ಪಟ್ಟಿಯಲ್ಲಿ ಸೀಡಿಂಗ್ ಆಗಿರುವ ಒಂದೇ ಬ್ಯಾಂಕಿಗೆ ಹೋಗುತ್ತದೆ. ಹೊಸ ಬ್ಯಾಂಕಿಗೆ ಸೀಡಿಂಗ್ ಬದಲಾಗಬೇಕಾದರೆ ಅಲ್ಲಿ ಬೇರೆಯೇ ಒಪ್ಪಿಗೆ ಪತ್ರ ಕೊಡಬೇಕು.

ಇಷ್ಟು ತಿಳಿದ ಮೇಲೆ ಬರೆದದ್ದು ಹೀಗೆ:

"ಮಾನ್ಯರೇ, ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ನನ್ನ ಎಸ್‌ಎಸ್‌ಪಿ ಅರ್ಜಿ ಸಂಖ್ಯೆ ಮತ್ತು ಶೈಕ್ಷಣಿಕ ವರ್ಷ ಮೇಲಿದೆ. ಅರ್ಜಿ ಮಂಜೂರಾಗಿದೆ, ಹಣ ಜಮೆಯಾಗಿಲ್ಲ. ಆಧಾರ್ ಸೀಡಿಂಗ್ ಬೆಳ್ತಂಗಡಿಯ ಹಳೆಯ ಖಾತೆಗೆ ಇದೆ. 1. ಹಣ ಕಳಿಸಿ ವಾಪಸಾಗಿದೆಯೇ, ಅಥವಾ ಇನ್ನೂ ಕಳಿಸಿಲ್ಲವೇ? 2. ಹಳೆಯ ಖಾತೆ ಚಾಲೂ ಮಾಡಿಸಬೇಕೇ, ಸೀಡಿಂಗ್ ಬಂಟ್ವಾಳಕ್ಕೆ ಬದಲಿಸಬೇಕೇ? 3. ಬದಲಿಸಿದ ಮೇಲೆ ಹೊಸ ಅರ್ಜಿ ಬೇಕೇ? ತಂದೆಯವರೊಂದಿಗೆ ಬರಲು ಒಂದು ಸಮಯ ಮತ್ತು ತರಬೇಕಾದ ದಾಖಲೆಗಳನ್ನು ತಿಳಿಸಬೇಕಾಗಿ ವಿನಂತಿ."

ಅರ್ಜಿ ಸಂಖ್ಯೆಯನ್ನು ಎಸ್‌ಎಸ್‌ಪಿಯ ಸ್ವೀಕೃತಿ ಪತ್ರ ನೋಡಿಯೇ ಬರೆಯಬೇಕು. ಆದಾಯ ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆ ಬೇರೆ, ಕೇಂದ್ರದ ಎನ್‌ಎಸ್‌ಪಿ ಸಂಖ್ಯೆ ಬೇರೆ. ಹೋದ ವರ್ಷದ ಅರ್ಜಿಯ ಸಂಖ್ಯೆ ಕೊಟ್ಟರೂ ನೋಡುವವರಿಗೆ ಹಳೆಯ ಅರ್ಜಿಯೇ ಸಿಗುತ್ತದೆ. ಪೂರ್ತಿ ಆಧಾರ್ ಸಂಖ್ಯೆಯನ್ನಾಗಲಿ ಖಾತೆ ಸಂಖ್ಯೆಯನ್ನಾಗಲಿ ನಾನು ಬರೆಯಲಿಲ್ಲ. ಈ ಪ್ರಶ್ನೆಗಳಿಗೆ ಅವು ಬೇಕಿರಲಿಲ್ಲ. ಒಟಿಪಿಯನ್ನಂತೂ ಯಾರಿಗೂ ಕಳಿಸಬಾರದು.

ಎರಡು ದಿನ ಬಿಟ್ಟು ಸರ್ ಉತ್ತರಿಸಿದರು. ಹಣ ಕಳಿಸಲಾಗಿತ್ತು, ಖಾತೆ ಚಾಲ್ತಿಯಲ್ಲಿಲ್ಲದ ಕಾರಣ ವಾಪಸಾಗಿತ್ತು. ಖಾತೆಗಳಲ್ಲಿ ಯಾವುದನ್ನು ಸರಿಪಡಿಸಿದರೂ ಆಗುತ್ತದೆ, ಮುಂದೆ ಬಳಸುವ ಖಾತೆಗೇ ಸೀಡಿಂಗ್ ಮಾಡಿಸುವುದು ಒಳ್ಳೆಯದು. ಹೊಸ ಅರ್ಜಿ ಬೇಡ. ಶನಿವಾರ ಹತ್ತೂವರೆಗೆ ಬನ್ನಿ, ಆದರೆ ಅದಕ್ಕೆ ಮೊದಲು ಬ್ಯಾಂಕಿನ ಕೆಲಸ ಮುಗಿಸಿ, ಬದಲಾದ ಸ್ಥಿತಿಯ ಪ್ರಿಂಟ್ ತನ್ನಿ ಎಂದಿದ್ದರು.

ಬಂಟ್ವಾಳದ ಬ್ಯಾಂಕಿನಲ್ಲಿ ಒಪ್ಪಿಗೆ ಪತ್ರ ತುಂಬಿದೆವು. ಹಿಂದಿನ ಬ್ಯಾಂಕಿನ ಹೆಸರನ್ನೂ ಅದರಲ್ಲಿ ಕೇಳಿದ್ದರು. ನನಗೆ ಹದಿನೇಳು, ಹಾಗಾಗಿ ಅಬ್ಬುವೂ ಸಹಿ ಹಾಕಿದರು. ಕೆಲವು ದಿನಗಳಲ್ಲಿ ಪರದೆಯಲ್ಲಿ ಹೊಸ ಬ್ಯಾಂಕಿನ ಹೆಸರು ಬಂತು. ಶನಿವಾರ ಸಿದ್ದಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಹೋದೆವು. ಸರ್ ಜೊತೆ ಮಾತು ಮುಗಿಯಲು ಕಾಲು ಗಂಟೆಯೂ ಬೇಕಾಗಲಿಲ್ಲ. ಮಧ್ಯಾಹ್ನದ ಬಾಡಿಗೆಗೆ ಅಬ್ಬು ಬಂಟ್ವಾಳದಲ್ಲಿದ್ದರು.

ವಾಪಸಾದ ಹಣವನ್ನು ಇಲಾಖೆಯೇ ಮತ್ತೆ ಕಳಿಸಬೇಕು. ಅದರ ದಿನಾಂಕ ತನ್ನ ಕೈಯಲ್ಲಿಲ್ಲ ಎಂದು ಸರ್ ಮೊದಲೇ ಹೇಳಿದ್ದಾರೆ. ಇದನ್ನು ಬರೆಯುವಾಗ ಹಣ ಇನ್ನೂ ಬಂದಿಲ್ಲ. ಅದು ಎಲ್ಲಿದೆ, ಬಂದರೆ ಯಾವ ಖಾತೆಗೆ ಬರುತ್ತದೆ ಎಂಬುದನ್ನು ಅಮ್ಮಿಗೆ ಈಗ ಉರ್ದುವಿನಲ್ಲೇ ಹೇಳಬಲ್ಲೆ.