ಐದು ಡಿಗ್ರಿಯಲ್ಲಿ ಊದಿಕೊಳ್ಳುವ ಬೆರಳುಗಳು

ಇಂಗ್ಲೆಂಡಿನ ಚಳಿ ಅಂದರೆ ಊರಲ್ಲಿರೋರ ಕಣ್ಣಿಗೆ ಮೊದಲು ಬರೋದು ಹಿಮ. ಮ್ಯಾಂಚೆಸ್ಟರ್‌ನಲ್ಲಿ ಇದು ನನ್ನ ಮೂರನೇ ಚಳಿಗಾಲ. ಇಲ್ಲಿ ಹಿಮ ಬಿದ್ದದ್ದನ್ನು ನೋಡಿದ ದಿನಗಳನ್ನ ಒಂದು ಕೈಯ ಬೆರಳಲ್ಲೇ ಎಣಿಸಿಬಿಡಬಹುದು. ನಿಜವಾಗಿ ಇರೋದು ಒದ್ದೆ ಚಳಿ. ನವೆಂಬರ್‌ನಿಂದ ಫೆಬ್ರವರಿವರೆಗೆ ನಾಲ್ಕೈದು ಡಿಗ್ರಿ, ನಿಲ್ಲದ ಜಿಟಿಜಿಟಿ ಮಳೆ, ನಾಲ್ಕು ಗಂಟೆಗೇ ಕತ್ತಲು. ಬಸ್ ಸ್ಟಾಪಿಗೆ ಹೋಗೋ ಹತ್ತು ನಿಮಿಷದಲ್ಲಿ ಶೂ ಒಳಗೆ ತೇವ ಇಳಿದಿರುತ್ತೆ, ಆಮೇಲೆ ಸಂಜೆವರೆಗೂ ಅದೇ ಸಾಕ್ಸ್.

ಈ ಹವೆಗೆ ಅಂತಲೇ ಒಂದು ಕಾಯಿಲೆ ಇದೆ: ಚಿಲ್‌ಬ್ಲೇನ್ಸ್. 'ಚಿಲ್' ಅಂದರೆ ಚಳಿ, 'ಬ್ಲೇನ್' ಅಂದರೆ ಹಳೇ ಇಂಗ್ಲಿಷಿನಲ್ಲಿ ಗುಳ್ಳೆ, ಹುಣ್ಣು. ಡಾಕ್ಟರುಗಳು ಪರ್ನಿಯೋ ಅಂತಾರೆ. ಡಚ್ಚರಂತೂ ನೇರವಾಗಿ 'ಚಳಿಗಾಲದ ಕಾಲ್ಬೆರಳು' ಅನ್ನೋ ಅರ್ಥದ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಬೆಂಗಳೂರಿನ ಡಿಸೆಂಬರಿನಲ್ಲಿ ಹಿಮ್ಮಡಿ ಒಡೆಯೋದು ನಮಗೆಲ್ಲ ಗೊತ್ತು, ಇದು ಅದಲ್ಲ. ಹಾಗಾಗಿ ಇಲ್ಲಿಗೆ ಬಂದ ನಮ್ಮವರಿಗೆ ಮೊದಲ ಸಲ ಬೆರಳು ನೇರಳೆ ಆದಾಗ ನೆನಪಾಗೋ ಒಂದೇ ಪದ ಫ್ರಾಸ್ಟ್‌ಬೈಟ್. ಸಿಯಾಚಿನ್ ಸೈನಿಕರ ಸುದ್ದಿಯಲ್ಲಿ ಕೇಳಿರ್ತೀವಲ್ಲ, ಬೆರಳು ಕಪ್ಪಾಗಿ ಕತ್ತರಿಸಬೇಕಾಗಿ ಬರೋದು, ಅದು.

ನನಗೆ ಮೊದಲ ಚಳಿಗಾಲದಲ್ಲೇ ಆಗಿತ್ತು. ಮನೆ ಹತ್ತಿರದ ಮೆಡಿಕಲ್ ಶಾಪಿನ ಫಾರ್ಮಸಿಸ್ಟ್ ಹೆಂಗಸು ಒಂದೇ ಒಂದು ಸಲ ಬಗ್ಗಿ ನೋಡಿ, "ಚಿಲ್‌ಬ್ಲೇನ್ಸ್, ಲವ್" ಅಂದು, ನೆಗಡಿ ಅನ್ನುವಷ್ಟೇ ಸಲೀಸಾಗಿ ಮುಂದಿನ ಗಿರಾಕಿ ಕಡೆ ತಿರುಗಿದ್ದರು. ಈ ವರ್ಷ ನನ್ನ ರೂಮ್‌ಮೇಟ್ ಸರದಿ. ದಾವಣಗೆರೆ ಹುಡುಗ, ಬಂದು ಎರಡು ತಿಂಗಳಾಗಿತ್ತು. ಅವನ ಕೇಸನ್ನೇ ದಿನದ ಲೆಕ್ಕದಲ್ಲಿ ಹೇಳ್ತೀನಿ, ಯಾಕಂದ್ರೆ ಈ ಕಾಯಿಲೆಯ ಗುಟ್ಟೆಲ್ಲ ಆ ಲೆಕ್ಕದಲ್ಲೇ ಇದೆ.

ಶನಿವಾರ ಕ್ಯಾನ್ವಾಸ್ ಶೂ ಹಾಕ್ಕೊಂಡು ಕಾಲುವೆ ದಂಡೆ ಮೇಲೆ ಮೂರು ತಾಸು ತಿರುಗಾಡಿದ. ನಾಲ್ಕು ಡಿಗ್ರಿ, ತುಂತುರು ಮಳೆ. ಮನೆಗೆ ಬಂದವನೇ ಸಾಕ್ಸ್ ಬಿಚ್ಚಿ, ಮರಗಟ್ಟಿದ ಎರಡೂ ಕಾಲನ್ನ ಸುಡ್ತಿರೋ ರೇಡಿಯೇಟರ್‌ಗೆ ಒತ್ತಿಟ್ಟು ಕೂತ. ಆಗ ಏನೂ ಆಗಲಿಲ್ಲ, ಹಾಯ್ ಅನ್ನಿಸ್ತು ಅಷ್ಟೇ. ಭಾನುವಾರ ಸಂಜೆ ನವೆ ಶುರು. ರಾತ್ರಿ ಹೊದ್ದು ಮಲಗಿದ ಮೇಲೆ ಇನ್ನೂ ಜೋರಾಯ್ತು. ಸೋಮವಾರ ಬೆಳಗ್ಗೆ ಎಡಗಾಲಿನ ಮೂರು ಬೆರಳು, ಬಲಗಾಲಿನ ಕಿರುಬೆರಳು ಊದಿಕೊಂಡು, ಮೇಲೆ ನೇರಳೆ ಹಣ್ಣಿನ ಬಣ್ಣದ ಮಚ್ಚೆ. ವಿಡಿಯೋ ಕಾಲ್‌ನಲ್ಲಿ ಅವರಮ್ಮ ನೋಡಿ ಗಾಬರಿಯಾದರು. "ಏನಪ್ಪಾ ಇದು, ಬೆರಳು ಹಿಂಗ್ಯಾಕಾಗ್ಯಾವು? ಕುದಿಯೋ ನೀರಿಗೆ ಉಪ್ಪು ಹಾಕಿ ಕಾಲಿಟ್ಕೊಂಡು ಕೂಡು ಮೊದ್ಲು." ಇವನು ಅಷ್ಟರಲ್ಲಿ ಫೋನಿನಲ್ಲಿ ಫೋಟೋಗಳನ್ನ ನೋಡಿ, ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗೋಣ ಅಂತ ಜಾಕೆಟ್ ಹಾಕ್ಕೊಂಡು ನಿಂತಿದ್ದ.

ಅವನಿಗೆ ನಾನು ಕೇಳಿದ್ದು ಎರಡೇ ಪ್ರಶ್ನೆ. ಮೊದಲನೇದು, ಶನಿವಾರ ಎಷ್ಟು ಡಿಗ್ರಿ ಇತ್ತು? ಫ್ರಾಸ್ಟ್‌ಬೈಟ್ ಅಂದರೆ ಚರ್ಮ, ಅದರ ಕೆಳಗಿನ ಮಾಂಸ ನಿಜಕ್ಕೂ ಹೆಪ್ಪುಗಟ್ಟೋದು. ಒಳಗಿನ ನೀರು ಮಂಜುಗಡ್ಡೆಯ ಹರಳಾಗಿ ಜೀವಕೋಶಗಳನ್ನ ಹಾಳು ಮಾಡುತ್ತೆ. ಅದಕ್ಕೆ ಚರ್ಮದ ಉಷ್ಣತೆ ಸೊನ್ನೆಗಿಂತ ಕೆಳಗೆ ಇಳಿಯಲೇಬೇಕು. ಗಾಳಿಯೇ ನಾಲ್ಕು ಡಿಗ್ರಿ ಇದ್ದರೆ ಕಾಲು ಅಲ್ಲಿಗೆ ಹೋಗೋದು ಹೇಗೆ? ಫೋನಿನಲ್ಲಿ 'ಫೀಲ್ಸ್ ಲೈಕ್ -2' ಅಂತ ಇತ್ತಲ್ಲ ಅಂದ. ಬೀಸುಗಾಳಿ ಮೈಯ ಶಾಖವನ್ನ ಬೇಗ ಕದೀಬಹುದು, ಆದರೆ ಚರ್ಮವನ್ನ ಗಾಳಿಯ ನಿಜವಾದ ಉಷ್ಣತೆಗಿಂತ ಕೆಳಗೆ ಇಳಿಸಲ್ಲ. ಥರ್ಮಾಮೀಟರ್ ಸೊನ್ನೆಗಿಂತ ಮೇಲಿದ್ದರೆ ಬರೀ ಗಾಳಿಗೆ ಫ್ರಾಸ್ಟ್‌ಬೈಟ್ ಆಗೋದಿಲ್ಲ. ಚಿಲ್‌ಬ್ಲೇನ್ಸ್‌ಗೆ ಹೆಪ್ಪುಗಟ್ಟೋ ಅಗತ್ಯವೇ ಇಲ್ಲ, ಸೊನ್ನೆಯ ಮೇಲಿನ ಒದ್ದೆ ಚಳಿಯೇ ಸಾಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನ ಸಾಗಿಸುತ್ತೆ, ಹಾಗಾಗಿ ಒದ್ದೆ ಸಾಕ್ಸ್ ಅನ್ನೋದು ಇಡೀ ದಿನ ಕಾಲಿನ ಬಿಸಿಯನ್ನ ಹೀರ್ತಾನೇ ಇರುತ್ತೆ.

ಎರಡನೇ ಪ್ರಶ್ನೆ, ಮುಟ್ಟಿದರೆ ಗೊತ್ತಾಗ್ತಿದೆಯಾ? ಮುಟ್ಟಿದ್ದಕ್ಕೇ ಕಾಲು ಎಳ್ಕೊಂಡ. ಚಿಲ್‌ಬ್ಲೇನ್ ಆದ ಬೆರಳು ಮೆತ್ತಗೆ ಊದಿರುತ್ತೆ, ಉರಿಯುತ್ತೆ, ವಿಪರೀತ ನವೆಯಾಗುತ್ತೆ. ಅಂದರೆ ಸ್ಪರ್ಶಜ್ಞಾನ ಪೂರ್ತಿ ಇರುತ್ತೆ. ಹೆಪ್ಪುಗಟ್ಟಿದ ಬೆರಳು ಇದಕ್ಕೆ ತದ್ವಿರುದ್ಧ. ತಣ್ಣಗೆ, ಗಟ್ಟಿಯಾಗಿ, ಮೇಣ ಬಳಿದ ಹಾಗೆ ಬಿಳಚಿಕೊಂಡೋ ಬೂದಿ ಬಣ್ಣಕ್ಕೋ ತಿರುಗಿರುತ್ತೆ, ಚುಚ್ಚಿದರೂ ಗೊತ್ತಾಗಲ್ಲ. ನೋವು, ಊತ, ನೀರುಗುಳ್ಳೆ ಎಲ್ಲ ಅದು ಕರಗಿದ ಮೇಲೆ. ಕಪ್ಪಾಗೋದು ಇನ್ನೂ ದಿನಗಳ ನಂತರ. ಸಮಯವೂ ಬೇರೆ: ಫ್ರಾಸ್ಟ್‌ಬೈಟ್ ಚಳಿಯಲ್ಲಿ ನಿಂತಿದ್ದಾಗಲೇ ಆಗುತ್ತೆ, ಚಿಲ್‌ಬ್ಲೇನ್ ಕಾಣಿಸ್ಕೊಳ್ಳೋದು ಮನೆ ಸೇರಿ ಎಷ್ಟೋ ಗಂಟೆಗಳಾದ ಮೇಲೆ, ಒಮ್ಮೊಮ್ಮೆ ಮಾರನೇ ದಿನ.

ಬಣ್ಣದ ವಿಷಯ ಒಂದು ಮಾತು. ಎಲ್ಲ ಕಡೆ 'ಕೆಂಪಗಾಗುತ್ತೆ' ಅಂತಾನೇ ಬರೆದಿರುತ್ತೆ, ಫೋಟೋಗಳಲ್ಲಿ ಇರೋದು ಹೆಚ್ಚಾಗಿ ಬಿಳಿಯರ ಕಾಲು. ನಮ್ಮ ಕಂದು ಚರ್ಮದಲ್ಲಿ ಆ ಕೆಂಪು ಸರಿಯಾಗಿ ಕಾಣಲ್ಲ. ನೇರಳೆ, ಗಾಢ ಕಂದು, ಒಮ್ಮೊಮ್ಮೆ ಹೆಚ್ಚುಕಡಿಮೆ ಕಪ್ಪು ಅನ್ನೋ ಹಾಗೇ ಕಾಣುತ್ತೆ. ಅದಕ್ಕೇ ನಮ್ಮವರು ಫೋಟೋ ಹೋಲಿಸಿ ನೋಡಿ ನೇರ ಗ್ಯಾಂಗ್ರೀನ್‌ಗೆ ಹೋಗಿ ನಿಲ್ಲೋದು. ಬಣ್ಣ ಬಿಟ್ಟು ಊತ, ನವೆ, ಸ್ಪರ್ಶ ಈ ಮೂರನ್ನ ನೋಡಿದರೆ ದಾರಿ ತಪ್ಪಲ್ಲ.

ಇಷ್ಟಕ್ಕೂ ಎರಡನ್ನ ಬೇರೆ ಮಾಡಿ ನೋಡಲೇಬೇಕಾದ ಕಾರಣ ಏನು ಅಂದರೆ, ಒಂದಕ್ಕೆ ಔಷಧಿ ಆಗಿದ್ದು ಇನ್ನೊಂದಕ್ಕೆ ಏಟು. ಚಳಿಗೆ ಚರ್ಮದ ಸಣ್ಣ ರಕ್ತನಾಳಗಳು ಮುದುಡಿಕೊಳ್ಳುತ್ತವೆ. ಅದು ಎಲ್ಲರಿಗೂ ಆಗುತ್ತೆ. ಆಮೇಲೆ ತಟ್ಟನೆ ಬಿಸಿ ತಾಗಿದಾಗ ರಕ್ತ ತರೋ ನಾಳ ಬೇಗ ತೆರೆದುಕೊಳ್ಳುತ್ತೆ, ವಾಪಸ್ ಒಯ್ಯೋ ನಾಳ ಇನ್ನೂ ನಿಧಾನದಲ್ಲೇ ಇರುತ್ತೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ಇದ್ದ ಹಾಗೆ, ಬರೋ ದಾರಿ ಅಗಲ, ಹೋಗೋ ದಾರಿ ಜಾಮ್. ಒತ್ತಡಕ್ಕೆ ದ್ರವ ಹೊರಗೆ ಒಸರಿ ಸುತ್ತಲಿನ ಚರ್ಮ ಊದಿಕೊಳ್ಳುತ್ತೆ, ಉರಿಯೂತ ಶುರುವಾಗುತ್ತೆ. ಅಂದರೆ ಪೆಟ್ಟಿನ ಅರ್ಧ ಭಾಗ ಚಳಿಯದ್ದು, ಇನ್ನರ್ಧ ರೇಡಿಯೇಟರಿನದ್ದು. ಅಮ್ಮ ಹೇಳಿದ ಕುದಿಯೋ ನೀರು ಇದನ್ನ ಇನ್ನಷ್ಟು ಕೆಡಿಸುತ್ತಿತ್ತು.

ಫ್ರಾಸ್ಟ್‌ಬೈಟ್‌ಗೆ ಬೇಕಾಗಿರೋದೇ ನೀರು, ಅದೂ ಕುದಿಯೋದಲ್ಲ. ಮೈ ಬಿಸಿಯಷ್ಟು, 37ರಿಂದ 39 ಡಿಗ್ರಿಯ ನೀರಿನಲ್ಲಿ ಪೂರ್ತಿ ಕರಗೋವರೆಗೆ ಇಡ್ತಾರೆ, ಜೊತೆಗೆ ಆಸ್ಪತ್ರೆ ಕಡ್ಡಾಯ. ಉಜ್ಜಬಾರದು. ಜೋಮು ಹಿಡಿದ ಕಾಲಿಗೆ ಸುಡೋದು ಗೊತ್ತಾಗಲ್ಲ, ಹಾಗಾಗಿ ಬೆಂಕಿಗೋ ಹೀಟರಿಗೋ ಹಿಡಿಯಬಾರದು. ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟೋ ಸಾಧ್ಯತೆ ಇದ್ದರೆ ಕರಗಿಸಲೂಬಾರದು, ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಹೆಚ್ಚು. ಹಿಮಾಲಯದ ಟ್ರೆಕ್ಕಿಂಗಿಗೆ ಹೋಗೋರು ನೆನಪಿಟ್ಟುಕೊಳ್ಳಬೇಕಾದ ಪಾಠ ಇದು.

ರೂಮ್‌ಮೇಟ್‌ಗೆ ಮಾಡಿದ್ದು ಬಹಳ ಸಾದಾ. ಕಾಲು ಒಣಗಿಸಿ, ಸಡಿಲವಾದ ಉಣ್ಣೆ ಸಾಕ್ಸ್ ಹಾಕಿ, ಕಾಲಿಗಿಂತ ಮೊದಲು ರೂಮನ್ನ ಬಿಸಿ ಮಾಡಿದ್ವಿ. ನವೆಗೆ ಕ್ಯಾಲಮೈನ್ ಲೋಷನ್. ಕೆರೆಯಬೇಡ ಅಂತ ನೂರು ಸಲ ಹೇಳೋದು ಮಾತ್ರ ಕಷ್ಟದ ಕೆಲಸ, ಯಾಕಂದ್ರೆ ಕೆರೆದು ಚರ್ಮ ಕಿತ್ತರೆ ಅಲ್ಲಿಂದ ಸೋಂಕು ಒಳಗೆ ಹೋಗುತ್ತೆ. ಸಿಗರೇಟು ರಕ್ತನಾಳಗಳನ್ನ ಮುದುಡಿಸುತ್ತೆ, ಅದನ್ನೂ ಬಿಡಿಸಿದೆ, ಕನಿಷ್ಠ ಆ ಎರಡು ವಾರ. ಒಂಬತ್ತನೇ ದಿನಕ್ಕೆ ನೇರಳೆ ಹೋಗಿ ಕಂದು ಬಂತು, ಹದಿನಾರನೇ ದಿನಕ್ಕೆ ಸಿಪ್ಪೆ ಸುಲಿದು ಹಳೇ ಬೆರಳು ವಾಪಸ್. ಸಾಮಾನ್ಯವಾಗಿ ಒಂದರಿಂದ ಮೂರು ವಾರದಲ್ಲಿ ತಾನಾಗೇ ಹೋಗುತ್ತೆ.

ಕೆನಡಾದಲ್ಲಿ ಮೈನಸ್ ಇಪ್ಪತ್ತರಲ್ಲಿ ಇರೋ ನನ್ನ ಕಸಿನ್‌ಗೆ ಇದು ಒಮ್ಮೆಯೂ ಆಗಿಲ್ಲ. ಅಲ್ಲಿನ ಚಳಿ ಒಣ ಚಳಿ, ಮನೆಗಳೆಲ್ಲ ಚೆನ್ನಾಗಿ ಬೆಚ್ಚಗಿರುತ್ತವೆ, ದಪ್ಪ ಬೂಟಿಲ್ಲದೆ ಯಾರೂ ಹೊರಗೆ ಕಾಲಿಡಲ್ಲ. ಇಲ್ಲಿ ನಾವು ಐದು ಡಿಗ್ರಿ ತಾನೇ ಅಂತ ಸ್ನೀಕರ್ಸ್‌ನಲ್ಲಿ ಹೊರಡ್ತೀವಿ, ಗ್ಯಾಸ್ ಬಿಲ್ಲಿಗೆ ಹೆದರಿ ಹೀಟಿಂಗನ್ನ ದಿನಕ್ಕೆ ಎರಡು ತಾಸು ಹಾಕ್ತೀವಿ. ಮನೆ ಕನಿಷ್ಠ 18 ಡಿಗ್ರಿ ಇರಲಿ ಅನ್ನೋದು ಇಲ್ಲಿನ ಆರೋಗ್ಯ ಇಲಾಖೆಯ ಸಲಹೆ. ಮೈ ತಣ್ಣಗಾದರೆ ದೇಹ ಮೊದಲು ರಕ್ತ ಕಡಿಮೆ ಮಾಡೋದೇ ಕೈಕಾಲಿನ ತುದಿಗೆ, ಹಾಗಾಗಿ ಬೆರಳು ಕಾಪಾಡೋಕೆ ಸ್ವೆಟರೂ ಟೋಪಿಯೂ ಸಾಕ್ಸಿನಷ್ಟೇ ಮುಖ್ಯ. ಬಿಗಿ ಶೂ ಒಳಗೆ ಎರಡು ಜೊತೆ ಸಾಕ್ಸ್ ತುರುಕಿದರೆ ರಕ್ತ ಓಡಾಡೋಕೆ ಜಾಗ ಇಲ್ಲದೆ ಬೆರಳು ಇನ್ನೂ ತಣ್ಣಗಾಗುತ್ತೆ.

ಡಾಕ್ಟರ ಹತ್ತಿರ ಹೋಗಬೇಕಾದ ಸಂದರ್ಭಗಳೂ ಇವೆ. ಕೀವು ಬಂದರೆ, ಜ್ವರ ಬಂದರೆ, ಚರ್ಮ ಒಡೆದು ಹುಣ್ಣಾದರೆ, ಮೂರು ವಾರಕ್ಕೂ ಕಡಿಮೆಯಾಗದಿದ್ದರೆ, ಸಕ್ಕರೆ ಕಾಯಿಲೆ ಇದ್ದರಂತೂ ಮೊದಲ ದಿನವೇ. ಬಿಸಿಲುಕಾಲ ಬಂದರೂ ಮಚ್ಚೆ ಹೋಗದಿದ್ದರೆ ಲೂಪಸ್‌ನಂಥ ಬೇರೆ ಕಾಯಿಲೆ ಇದೆಯಾ ಅಂತ ರಕ್ತಪರೀಕ್ಷೆ ಮಾಡಿಸ್ತಾರೆ. ಪ್ರತಿ ವರ್ಷ ಜೋರಾಗಿ ಬರೋರಲ್ಲಿ ಕೆಲವರಿಗೆ ರಕ್ತನಾಳ ಸಡಿಲಿಸೋ ನಿಫೆಡಿಪಿನ್ ಅನ್ನೋ ಬಿಪಿ ಮಾತ್ರೆ ಬರೆದುಕೊಡೋದೂ ಉಂಟು, ಅದು ಅವರೇ ನಿರ್ಧರಿಸಬೇಕಾದ ವಿಷಯ.

ಉಳಿದವರಿಗೆ ಎರಡು ಜೊತೆ ಶೂ ಸಾಕು. ನೆನೆದ ಶೂ ಒಂದೇ ರಾತ್ರಿಯಲ್ಲಿ ಒಳಗಿನವರೆಗೆ ಒಣಗಲ್ಲ. ಇವತ್ತು ಹಾಕಿದ್ದಕ್ಕೆ ಪೇಪರ್ ತುರುಕಿಟ್ಟು ನಾಳೆ ಇನ್ನೊಂದು ಜೊತೆ ಹಾಕಿ, ಆಫೀಸ್ ಬ್ಯಾಗಿನಲ್ಲಿ ಒಂದು ಜೊತೆ ಒಣ ಸಾಕ್ಸ್ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ತೆರೆಯೋ ಮೊದಲು ಸಾಕ್ಸ್ ಬದಲಾಯಿಸೋದನ್ನ ನೋಡಿ ಪಕ್ಕದ ಸೀಟಿನವರು ನಕ್ಕರೆ ನಗಲಿ.