ಸೊನ್ನೆ ಎಲ್ಲಿ ಬಂತು?

ರಾನ್‌ಸ್ಕಿಯನ್ ಕಲಿಸುವಾಗ ನಾನು ಮೊದಲು ಈ ಅವಕಲ ಸಮೀಕರಣ ಬರೆಯುತ್ತೇನೆ: x²y″ − 2xy′ + 2y = 0. x ಮತ್ತು x² ಎರಡೂ ಇದರ ಪರಿಹಾರಗಳು. ಒಂದನ್ನು ಯಾವ ಸ್ಥಿರಸಂಖ್ಯೆಯಿಂದ ಗುಣಿಸಿದರೂ ಇನ್ನೊಂದು ಬಾರದು. ಅಂದರೆ ಅವು ರೇಖೀಯವಾಗಿ ಸ್ವತಂತ್ರ. ಅವುಗಳ ರಾನ್‌ಸ್ಕಿಯನ್ x·2x − x²·1, ಅಂದರೆ x².

x = 1ರಲ್ಲಿ ಅದರ ಬೆಲೆ 1. ಅಲ್ಲಿ y = 3, y′ = 5 ಬೇಕೆಂದರೆ c₁ + c₂ = 3, c₁ + 2c₂ = 5 ಎಂದಾಗುತ್ತದೆ; ಉತ್ತರ x + 2x² ಒಂದೇ. ಬೇರೆ ಯಾವ ಆರಂಭಿಕ ಬೆಲೆ ಕೇಳಿದರೂ ಹೀಗೆಯೇ ಸಿಗುತ್ತದೆ. ಆದ್ದರಿಂದ x > 0 ಇರುವಲ್ಲಿ ಈ ಜೋಡಿ ಮೂಲಭೂತ ಗಣ.

x = 0ರಲ್ಲಿ ರಾನ್‌ಸ್ಕಿಯನ್ ಸೊನ್ನೆ. ಅಲ್ಲಿ y = 1 ಆಗಬೇಕೆಂದರೆ c₁x + c₂x² ಎಂದಿಗೂ ಕೊಡದು. “ಹಾಗಾದರೆ ಇವು ಸ್ವತಂತ್ರವಲ್ಲವೇ ಸಾರ್?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸ್ವತಂತ್ರವೇ. ಅಲ್ಲಿ ಕೈಕೊಟ್ಟಿರುವುದು ಸಮೀಕರಣ. ಅದನ್ನು x²ದಿಂದ ಭಾಗಿಸಿದರೆ y′ದ ಗುಣಕ −2/x ಆಗುತ್ತದೆ. ಸೊನ್ನೆಯಲ್ಲಿ ಅದಕ್ಕೆ ಬೆಲೆಯೇ ಇಲ್ಲ.

ಹೀಗೆ ಭಾಗಿಸಿದ ಮೇಲೂ ಗುಣಕಗಳು ಎಲ್ಲೂ ಮುರಿಯದ ಅಂತರದಲ್ಲಿ, ಅಬೆಲ್ ಸೂತ್ರದಂತೆ, ಪರಿಹಾರಗಳ ರಾನ್‌ಸ್ಕಿಯನ್ ಪೂರ್ತಿ ಸೊನ್ನೆ, ಇಲ್ಲವೇ ಎಲ್ಲೂ ಸೊನ್ನೆಯಲ್ಲ. ಅಂಥಲ್ಲಿ ಮಾತ್ರ ಒಂದೇ ಬಿಂದುವಿನ ಪರೀಕ್ಷೆ ಸಾಕು.